ಎರಡು ಲೂಪ್ ನೋಡಿ ಗುಣಿಸಿಬಿಟ್ಟೆ, 5ಕ್ಕೆ 1 ಬಂತು: ಈ ಕೋಡ್ n log n ಯಾಕೆ ಅಲ್ಲ?

ಬನವಾಸಿ ಹುಡುಗ · ಸಂಜೆ 6:50

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದಲ್ಲಿ ಇಂಜಿನಿಯರಿಂಗ್ ನಾಲ್ಕನೇ ಸೆಮಿಸ್ಟರ್ ಓದುತ್ತಿದ್ದೇನೆ. ಇವತ್ತು ಅಲ್ಗಾರಿದಮ್ಸ್ ಇಂಟರ್ನಲ್ ಪೇಪರ್ ವಾಪಸ್ ಕೊಟ್ಟರು. ಕೋಡ್ ಕೊಟ್ಟು ಟೈಮ್ ಕಾಂಪ್ಲೆಕ್ಸಿಟಿ ಕೇಳಿದ ಪ್ರಶ್ನೆಗೆ 5ಕ್ಕೆ 1 ಬಂದಿದೆ. ಕೋಡ್ ಇದು:

```c
for (i = 1; i <= n; i = i * 2)
    for (j = 1; j <= i; j++)
        count++;
```

ನಾನು ಯೋಚಿಸಿದ್ದು ಹೀಗೆ. ಹೊರಗಿನ ಲೂಪ್‌ನಲ್ಲಿ i ಪ್ರತಿ ಸಲ ಎರಡರಷ್ಟಾಗುತ್ತದೆ, ಹಾಗಾಗಿ ಅದು log n ಸಲ ಓಡುತ್ತದೆ. ಒಳಗಿನ ಲೂಪ್ ಜಾಸ್ತಿ ಅಂದರೆ n ಸಲ. ಎರಡನ್ನೂ ಗುಣಿಸಿದರೆ n log n. ಅದನ್ನೇ ಬರೆದೆ. ಸರ್ ಅದರ ಮೇಲೆ ಗೆರೆ ಎಳೆದು O(n) ಅಂತ ಬರೆದಿದ್ದಾರೆ. ಒಂದು ಲೂಪ್‌ನ ಒಳಗೆ ಇನ್ನೊಂದು ಲೂಪ್ ಇದ್ದರೂ ಬರೀ n ಹೇಗೆ ಆಗುತ್ತದೆ? ಕ್ಲಾಸಿನಲ್ಲಿ ಕೇಳೋಣ ಅಂದರೆ ಅಷ್ಟರಲ್ಲಿ ಬೆಲ್ ಆಯಿತು.

ಕಡಲತೀರ · ಸಂಜೆ 7:05

ತಮ್ಮಾ, ನಿನ್ನ ಉತ್ತರ ತಪ್ಪಲ್ಲ. ಬಿಗ್ ಓ ಅಂದರೆ ಮೇಲಿನ ಮಿತಿ. n log n ಅನ್ನುವುದು n ಗಿಂತ ದೊಡ್ಡದು. ಲೆಕ್ಕ n ಒಳಗೆ ಬಂದರೆ n log n ಒಳಗೂ ಬಂದ ಹಾಗೇ ಅಲ್ವಾ? ಕಾರವಾರದಿಂದ ಅಂಕೋಲಾಕ್ಕೆ ಎರಡು ತಾಸಿನೊಳಗೆ ಹೋಗಬಹುದು ಅಂದರೆ ಅದು ಸುಳ್ಳಲ್ಲ, ಒಂದು ತಾಸಿನಲ್ಲಿ ತಲುಪಿದರೂ ಮಾತು ನಿಜವೇ. ನಾನು ಫೈನಲ್ ಇಯರ್, ಅಂಕೋಲಾದವನು. ನಿನ್ನ ಜಾಗದಲ್ಲಿ ನಾನಿದ್ದರೆ ಪೇಪರ್ ಹಿಡಿದು ಸರ್ ಹತ್ತಿರ ಹೋಗುತ್ತಿದ್ದೆ. ಪೂರ್ತಿ ಮಾರ್ಕ್ಸ್ ಕೇಳು.

ಸಿದ್ದಾಪುರದ ತೋಟಿಗ · ಸಂಜೆ 7:20

ನನ್ನ ಮಗಳೂ ಇದೇ ಓದುತ್ತಾಳೆ. ಅವಳಿಗೂ ಪರೀಕ್ಷೆಯಲ್ಲಿ ಸಮಯದ್ದೇ ತೊಂದರೆ. ಕೊನೆಯ ಎರಡು ಪ್ರಶ್ನೆ ಹಾಗೇ ಬಿಟ್ಟು ಬಂದಳಂತೆ. ಸಮಯ ಅಂದಾಜು ಮಾಡುವುದು ಹೇಗೆ ಅಂತ ಯಾರಾದರೂ ಹೇಳಿದರೆ ಅವಳಿಗೂ ಓದಿ ಹೇಳುತ್ತೇನೆ.

ಸದಾಶಿವಗಡ · ಸಂಜೆ 7:48

ತೋಟಿಗರೇ, ಇಲ್ಲಿ ಹುಡುಗ ಕೇಳುತ್ತಿರುವುದು ಪರೀಕ್ಷೆಯ ಸಮಯದ ಬಗ್ಗೆ ಅಲ್ಲ. ಒಂದು ಕೆಲಸವನ್ನು ಎಷ್ಟು ಸಲ ಮಾಡಬೇಕಾಗುತ್ತದೆ, ಕೆಲಸದ ಗಾತ್ರ ದೊಡ್ಡದಾದರೆ ಅದು ಎಷ್ಟು ಬೆಳೆಯುತ್ತದೆ ಅನ್ನುವ ಲೆಕ್ಕ. ಆದರೆ ನೀವು ಬಂದದ್ದು ಒಳ್ಳೆಯದಾಯಿತು. ಇದನ್ನು ನಿಮ್ಮ ಅಡಿಕೆಯಲ್ಲೇ ಹೇಳುತ್ತೇನೆ.

ನಿಮ್ಮ ಮನೆಯಲ್ಲಿ ರಾತ್ರಿ ಅಡಿಕೆ ಸುಲಿಯುತ್ತಾರೆ ಅಂದುಕೊಳ್ಳಿ. ಮೊದಲ ರಾತ್ರಿ 1 ಬುಟ್ಟಿ. ಎರಡನೇ ರಾತ್ರಿ 2. ಆಮೇಲೆ 4, 8, ಐದನೇ ರಾತ್ರಿ 16. ಬನವಾಸಿ ಹುಡುಗ ಹೇಳಿದ್ದು ಏನು? "ಐದು ರಾತ್ರಿ, ಜಾಸ್ತಿ ಅಂದರೆ ರಾತ್ರಿಗೆ 16 ಬುಟ್ಟಿ, ಒಟ್ಟು 80 ಬುಟ್ಟಿ" ಅಂತ. ನಿಜವಾಗಿ ಸುಲಿದದ್ದು 1+2+4+8+16, ಅಂದರೆ 31. ಕೊನೆಯ ರಾತ್ರಿ ಒಂದರಲ್ಲೇ 16, ಅದಕ್ಕೆ ಮೊದಲಿನ ನಾಲ್ಕೂ ರಾತ್ರಿ ಸೇರಿ 15.

ಇದೇ ಕೋಡ್‌ನಲ್ಲಿ ಆಗುವುದು. n = 16 ಆದರೆ `count` 31 ಆಗುತ್ತದೆ. n = 1024 ಆದರೆ 2047. ಎರಡರ ಘಾತ ಅಲ್ಲದ n ತೆಗೆದುಕೊಂಡರೂ ತೊಂದರೆಯಿಲ್ಲ. n = 20 ಅಂದರೆ i ಕೊನೆಗೆ 16ಕ್ಕೆ ನಿಲ್ಲುತ್ತದೆ, ಮತ್ತೆ 31 ಬರುತ್ತದೆ. ಯಾವ n ಹಾಕಿದರೂ ಉತ್ತರ n ಗಿಂತ ಕಡಿಮೆಯಾಗುವುದಿಲ್ಲ, 2n ಮುಟ್ಟುವುದೂ ಇಲ್ಲ. ಹಾಗಾಗಿ Θ(n), ಅಂದರೆ ಮೇಲಿನ ಮಿತಿಯೂ n, ಕೆಳಗಿನ ಮಿತಿಯೂ n.

ಗುಣಿಸುವಾಗ ನೀವು ಎಲ್ಲಾ ಸುತ್ತುಗಳೂ ಕೊನೆಯ ಸುತ್ತಿನಷ್ಟೇ ದೊಡ್ಡವು ಅಂತ ಹಿಡಿದಿರಿ. ಎಡವಟ್ಟಾದದ್ದು ಅಲ್ಲಿ.

ಕಡಲತೀರ · ರಾತ್ರಿ 8:02

ಮೇಡಂ, 31 ಅನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ O(n log n) ಸುಳ್ಳಲ್ಲ ಅಂತ ನೀವೂ ಒಪ್ಪಬೇಕು.

ಸದಾಶಿವಗಡ · ರಾತ್ರಿ 8:15

ಒಪ್ಪುತ್ತೇನೆ. ಅದು ಸುಳ್ಳಲ್ಲ. ಆದರೆ ಅದೇ ಮಾತಿನಲ್ಲಿ O(n²) ಬರೆದರೂ ಸುಳ್ಳಲ್ಲ, O(2ⁿ) ಬರೆದರೂ ಸುಳ್ಳಲ್ಲ. ಹಾಗೆ ಬರೆದವರಿಗೆಲ್ಲ ಮಾರ್ಕ್ಸ್ ಕೊಟ್ಟರೆ ಪ್ರಶ್ನೆ ಕೇಳುವುದಕ್ಕೇ ಅರ್ಥ ಉಳಿಯುವುದಿಲ್ಲ. "ಟೈಮ್ ಕಾಂಪ್ಲೆಕ್ಸಿಟಿ ಏನು" ಅಂದಾಗ ಆದಷ್ಟು ಬಿಗಿಯಾದ ಉತ್ತರ ಕೇಳಿದ್ದಾರೆ ಅಂತಲೇ ತಿಳಿಯಬೇಕು. ಬನವಾಸಿಯವರೇ, ಪ್ರಶ್ನೆಯಲ್ಲಿ ಇದ್ದ ಮಾತು ಹಾಗೇ ಬರೆಯಿರಿ. ಥೀಟಾ ಕೇಳಿದ್ದರೋ, ಬಿಗ್ ಓ ಕೇಳಿದ್ದರೋ?

ಬನವಾಸಿ ಹುಡುಗ · ರಾತ್ರಿ 8:22

ಈಗ ನೋಡಿದೆ ಮೇಡಂ. "ಟೈಮ್ ಕಾಂಪ್ಲೆಕ್ಸಿಟಿಯನ್ನು ಬಿಗ್ ಓ ರೂಪದಲ್ಲಿ ಬರೆಯಿರಿ" ಅಂತ ಇದೆ. ಬಿಗಿ ಅನ್ನುವ ಮಾತು ಎಲ್ಲೂ ಇಲ್ಲ.

ಕಡಲತೀರ · ರಾತ್ರಿ 8:24

ನೋಡಿ! ಹಾಗಾದರೆ ಹುಡುಗ ಕೇಳಿದ್ದಕ್ಕೆ ಸರಿಯಾಗಿಯೇ ಬರೆದಿದ್ದಾನೆ. ಪ್ರಶ್ನೆಯಲ್ಲಿ ಇಲ್ಲದ್ದನ್ನು ವಿದ್ಯಾರ್ಥಿ ಊಹಿಸಬೇಕು ಅಂದರೆ ಅದು ನ್ಯಾಯ ಅಲ್ಲ.

ದೇವಿಮನೆ ಘಟ್ಟ · ರಾತ್ರಿ 8:40

ನಾನು ಕುಮಟಾದಲ್ಲಿ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಸುಮ್ನೆ ವಾದ ಯಾಕೆ, ಓಡಿಸಿಯೇ ನೋಡೋಣ ಅಂತ ನೋಡಿದೆ. ಈಗ ಗೊಂದಲ ಇನ್ನೂ ಜಾಸ್ತಿ ಆಗಿದೆ. `gcc -O2` ಹಾಕಿ n = 10 ಕೋಟಿಗೆ ಓಡಿಸಿದೆ. ಸಮಯ ಸೊನ್ನೆ ಸೆಕೆಂಡ್ ತೋರಿಸಿತು. n ಒಂದು ಲಕ್ಷ ಇದ್ದರೂ ಸೊನ್ನೆ. ಇದು n ಅಲ್ಲ, n log n ಕೂಡ ಅಲ್ಲ. ನನಗೆ log n ಅನ್ನಿಸುತ್ತಿದೆ.

ಇನ್ನೊಂದು ವಿಷಯ. `-O2` ತೆಗೆದು n = 200 ಕೋಟಿ ಕೊಟ್ಟೆ. ಮುಗಿಯಲೇ ಇಲ್ಲ. ಊಟ ಮಾಡಿ ಬಂದರೂ ಓಡುತ್ತಲೇ ಇತ್ತು. ಕೊನೆಗೆ ನಾನೇ ನಿಲ್ಲಿಸಿದೆ.

ಸದಾಶಿವಗಡ · ರಾತ್ರಿ 9:05

ನಿಮಗೆ ಎರಡೂ ಕಡೆ ಬೇರೆ ಬೇರೆ ಕಾರಣದಿಂದ ಹೀಗಾಗಿದೆ.

`-O2` ಹಾಕಿದಾಗ ಕಂಪೈಲರ್ ಒಳಗಿನ ಲೂಪನ್ನು ನೋಡುತ್ತದೆ. i ಸಲ ಒಂದೊಂದೇ ಕೂಡಿಸುವ ಬದಲು ಒಂದೇ ಸಲಕ್ಕೆ `count += i` ಮಾಡಿಬಿಡುತ್ತದೆ. `count` ಅನ್ನು ನೀವು ಎಲ್ಲೂ ಪ್ರಿಂಟ್ ಮಾಡದೇ ಇದ್ದರೆ ಇಡೀ ಲೂಪನ್ನೇ ಕಿತ್ತು ಹಾಕಬಹುದು. ಹಾಗಾಗಿ ನಿಮಗೆ log n ಅನ್ನಿಸಿದ್ದು ಸುಳ್ಳಲ್ಲ, ಆದರೆ ಅದು ಕಂಪೈಲರ್ ಬರೆದುಕೊಂಡ ಬೇರೆ ಕೋಡ್‌ನ ಲೆಕ್ಕ. ಪರೀಕ್ಷೆಯಲ್ಲಿ ಕೇಳುವುದು ಕಾಗದದ ಮೇಲೆ ಇರುವ ಕೋಡ್‌ನದ್ದು.

200 ಕೋಟಿಗೆ ನಿಂತಿಲ್ಲದ್ದಕ್ಕೆ `int` ಕಾರಣ. i ಎರಡರಷ್ಟಾಗುತ್ತಾ 107 ಕೋಟಿ ಚಿಲ್ಲರೆಗೆ ಬರುತ್ತದೆ, ಅಂದರೆ 2³⁰. ಅದು ಇನ್ನೂ 200 ಕೋಟಿಯ ಒಳಗಿದೆ. ಮತ್ತೆ ಎರಡರಿಂದ ಗುಣಿಸಿದರೆ `int` ನಲ್ಲಿ ಜಾಗವಿಲ್ಲ. ಸಾಮಾನ್ಯವಾಗಿ ಅದು ಮೈನಸ್ ಸಂಖ್ಯೆಯಾಗುತ್ತದೆ, ಅದರ ಮುಂದಿನ ಸಲ ಸೊನ್ನೆ. ಸೊನ್ನೆಯನ್ನು ಎರಡರಿಂದ ಎಷ್ಟು ಸಲ ಗುಣಿಸಿದರೂ ಸೊನ್ನೆಯೇ. i ಯಾವತ್ತೂ n ದಾಟುವುದಿಲ್ಲ. `long long` ಮಾಡಿ ನೋಡಿ.

ಸೆಕೆಂಡ್ ಅಳೆಯಬೇಡಿ. `count` ಪ್ರಿಂಟ್ ಮಾಡಿ, n ಅನ್ನು ಎರಡರಷ್ಟು ಮಾಡುತ್ತಾ ಹೋಗಿ.

ದೇವಿಮನೆ ಘಟ್ಟ · ರಾತ್ರಿ 9:21

ಮಾಡಿದೆ. 1024ಕ್ಕೆ 2047, 2048ಕ್ಕೆ 4095, 4096ಕ್ಕೆ 8191. ಪ್ರತಿ ಸಲವೂ ಹೆಚ್ಚು ಕಡಿಮೆ ಸರಿಯಾಗಿ ಎರಡರಷ್ಟೇ. `long long` ಹಾಕಿದ ಮೇಲೆ 200 ಕೋಟಿಯೂ ಮುಗಿಯಿತು. ಸೊನ್ನೆಯ ಮಾತು ಕೇಳಿ ನೆನಪಾಯಿತು: ಕಾಲೇಜಿನಲ್ಲಿದ್ದಾಗ ಲ್ಯಾಬ್‌ನಲ್ಲಿ `i = 0` ಇಂದ ಶುರು ಮಾಡಿ `i = i * 2` ಬರೆದು ಅರ್ಧ ತಾಸು ಸ್ಕ್ರೀನ್ ನೋಡುತ್ತಾ ಕೂತಿದ್ದೆ. ಕಾರಣ ಅದೇ ಅಲ್ವಾ?

ಸದಾಶಿವಗಡ · ರಾತ್ರಿ 9:25

ಅದೇ. ಪ್ರಶ್ನೆಪತ್ರಿಕೆಯಲ್ಲೂ ಕೆಲವೊಮ್ಮೆ `i = 0` ಅಂತ ಬಂದುಬಿಡುತ್ತದೆ. ಆಗ ಲೂಪ್ ಮುಗಿಯುವುದೇ ಇಲ್ಲ ಅಂತ ಬರೆದು, 1 ಅಂದುಕೊಂಡರೆ ಉತ್ತರ ಇಷ್ಟು ಅಂತಲೂ ಬರೆಯಿರಿ.

ಬನವಾಸಿ ಹುಡುಗ · ರಾತ್ರಿ 9:33

ಮೇಡಂ, ಮೊದಲನೆಯದು ಅರ್ಥ ಆಯಿತು. ಆದರೆ ಈಗ ಇನ್ನೊಂದು ಹೆದರಿಕೆ ಶುರುವಾಗಿದೆ. ಅದೇ ಪೇಪರ್‌ನಲ್ಲಿ ಎರಡನೇ ಭಾಗ ಹೀಗಿತ್ತು:

```c
for (i = 1; i <= n; i++)
    for (j = 1; j <= n; j = j + i)
        count++;
```

ಎರಡೂ ಲೂಪ್ n ವರೆಗೆ ಹೋಗುತ್ತವೆ ಅಂತ n² ಬರೆದಿದ್ದೆ, ಅದೂ ತಪ್ಪಾಯಿತು. ಈಗ ನೀವು ಹೇಳಿದ ಹಾಗೆ ಯೋಚಿಸಿದರೆ, ಮೊದಲ ಸುತ್ತು ಒಂದೇ ದೊಡ್ಡದು, ಉಳಿದವು ಸಣ್ಣದಾಗುತ್ತಾ ಹೋಗುತ್ತವೆ. ಹಾಗಾದರೆ ಇದೂ n ಅಲ್ವಾ? ಆದರೆ ಸರ್ ಇಲ್ಲಿ n log n ಅಂತ ಬರೆದಿದ್ದಾರೆ. ಮತ್ತೆ ಕ್ಲಾಸಿನಲ್ಲಿ `j <= i` ಇದ್ದು ಎರಡೂ ಒಂದೊಂದೇ ಏರುವ ಲೂಪ್‌ಗೆ n² ಅಂತ ಮಾಡಿಸಿದ್ದರು. ಅಲ್ಲಿ ಗುಣಿಸಿದ್ದು ಹೇಗೆ ಸರಿ ಹೋಯಿತು?

ಸದಾಶಿವಗಡ · ರಾತ್ರಿ 10:10

ತುಂಬಾ ಒಳ್ಳೆಯ ಪ್ರಶ್ನೆ. ನಾನು ಪೇಪರ್ ತಿದ್ದುವಾಗ ಅತಿ ಹೆಚ್ಚು ತಪ್ಪು ಕಾಣುವುದು ಇಲ್ಲಿಯೇ. ಹಾಗಾಗಿ ಸಮಾಧಾನದಿಂದ ಬರೆಯುತ್ತೇನೆ.

ಮೊದಲು ಕ್ಲಾಸಿನ ಲೂಪ್. ಎರಡೂ ಒಂದೊಂದೇ ಏರಿದರೆ ಸುತ್ತುಗಳು 1, 2, 3, ಹೀಗೆ n ವರೆಗೆ. ದೊಡ್ಡ ಸುತ್ತು n. ಅದರ ಅರ್ಧಕ್ಕಿಂತ ಜಾಸ್ತಿ ಇರುವ ಸುತ್ತು ಎಷ್ಟು? ಒಟ್ಟು ಸುತ್ತಿನಲ್ಲಿ ಅರ್ಧದಷ್ಟು. ಅಂದರೆ ಬಹಳಷ್ಟು ಸುತ್ತುಗಳು ನಿಜವಾಗಿಯೂ ದೊಡ್ಡವೇ. ಅಲ್ಲಿ ಗುಣಿಸಿದರೆ ಒಂದು ಎರಡರಷ್ಟು ಹೆಚ್ಚಾಗಬಹುದು, ಅಷ್ಟೇ. n² ಉಳಿಯುತ್ತದೆ. ಅಡಿಕೆಯ ಲೂಪ್‌ನಲ್ಲಿ n ಎಷ್ಟೇ ದೊಡ್ಡದಿರಲಿ, ದೊಡ್ಡದರ ಅರ್ಧ ಮುಟ್ಟುವುದು ಎರಡೇ ಸುತ್ತು. ಅದಕ್ಕೇ ಗುಣಾಕಾರ ಅಲ್ಲಿ ಮೋಸ ಮಾಡಿತು.

ಈಗ ನಿಮ್ಮ ಎರಡನೇ ಭಾಗ. ಇಲ್ಲಿಯೂ n = 16 ಇಟ್ಟು ಕೈಯಲ್ಲೇ ಎಣಿಸಿ. i = 1 ಇದ್ದಾಗ 16 ಸಲ. i = 2 ಇದ್ದಾಗ 8 ಸಲ. i = 3 ಇದ್ದಾಗ j ಅನ್ನುವುದು 1, 4, 7, 10, 13, 16, ಅಂದರೆ 6 ಸಲ. ನೀವು ಹೇಳಿದ ಹಾಗೆ ಸುತ್ತು ಸಣ್ಣದಾಗುತ್ತಿದೆ. ಆದರೆ ಸಣ್ಣ ಸುತ್ತುಗಳು ಎಷ್ಟಿವೆ ನೋಡಿ. i ಅನ್ನು ಗುಂಪು ಮಾಡಿ ಬರೆಯುತ್ತೇನೆ:

```
i = 1        : 16
i = 2, 3     : 8 + 6 = 14
i = 4 .. 7   : 4 + 4 + 3 + 3 = 14
i = 8 .. 15  : 2 x 8 = 16
i = 16       : 1
ಒಟ್ಟು         : 61
```

ಸುತ್ತಿನ ಗಾತ್ರ ಅರ್ಧವಾದ ಹಾಗೆ ಅಂಥ ಸುತ್ತುಗಳ ಸಂಖ್ಯೆ ಎರಡರಷ್ಟಾಗುತ್ತಿದೆ. ಹಾಗಾಗಿ ಪ್ರತಿ ಗುಂಪಿಗೂ ಸುಮಾರು 16 ಬರುತ್ತದೆ. ಗುಂಪುಗಳು ಎಷ್ಟು? ಎರಡರಷ್ಟಾಗುತ್ತಾ 16 ಮುಟ್ಟುವಷ್ಟು, ಅಂದರೆ log n. ಪ್ರತಿ ಗುಂಪಿನದ್ದು ಸುಮಾರು n. ಒಟ್ಟು n log n. ಇಲ್ಲಿ 16 × 4 = 64, ನಮಗೆ ಬಂದದ್ದು 61.

ಅಡಿಕೆಯಲ್ಲಿ ಎಲ್ಲಾ ಭಾರ ಕೊನೆಯ ರಾತ್ರಿಯ ಮೇಲೆ. ಇಲ್ಲಿ ಭಾರ ಎಲ್ಲಾ ಗುಂಪಿಗೂ ಸಮನಾಗಿ ಹಂಚಿದೆ. ಮೊದಲ ಸುತ್ತು ದೊಡ್ಡದಾಗಿ ಕಂಡಿತು ಅಂತ ಉಳಿದದ್ದನ್ನು ಬಿಟ್ಟರೆ ನೀವು n ಅಂದುಕೊಳ್ಳುತ್ತೀರಿ. ಉಳಿದದ್ದನ್ನೂ ಮೊದಲ ಸುತ್ತಿನಷ್ಟೇ ಅಂದುಕೊಂಡರೆ n² ಅನ್ನುತ್ತೀರಿ. ಕೂಡಿಸದೇ ಹೇಳುವ ಹಾಗಿಲ್ಲ.

ಸಿದ್ದಾಪುರದ ತೋಟಿಗ · ರಾತ್ರಿ 10:24

ಮೇಡಂ, ಕ್ಷಮಿಸಿ, ಮೊದಲು ನನಗೆ ವಿಷಯ ಗೊತ್ತಾಗಿರಲಿಲ್ಲ. ಈ ಗುಂಪಿನ ಲೆಕ್ಕ ನನಗೆ ಅರ್ಥ ಆಯಿತು. ನಮ್ಮಲ್ಲೂ ಸಣ್ಣ ತೋಟದವರೇ ಜಾಸ್ತಿ. ಒಬ್ಬೊಬ್ಬರದ್ದು ನೋಡಿದರೆ ಏನೂ ಇಲ್ಲ ಅನ್ನಿಸುತ್ತದೆ, ಆದರೆ ಎಲ್ಲರ ಅಡಿಕೆ ಒಟ್ಟು ಸೇರಿಸಿದರೆ ದೊಡ್ಡ ತೋಟದವರಿಗೆ ಕಡಿಮೆ ಇಲ್ಲ. ಮಗಳಿಗೆ ಫೋನ್ ಮಾಡಿ ಓದಿ ಹೇಳಿದೆ. ಅವಳು ಬರೆದುಕೊಂಡಿದ್ದಾಳೆ.

ಮಂಜುಗುಣಿ · ರಾತ್ರಿ 10:31

ಬನವಾಸಿ, ನಾನು ನಿನ್ನ ಪಕ್ಕದ ಸೆಕ್ಷನ್. ನಮಗೆ ಬೇರೆ ಕೋಡ್ ಬಂದಿತ್ತು. `a` ಮತ್ತು `b` ಎರಡೂ n ಉದ್ದದ ಅರೇ.

```c
j = 0;
for (i = 0; i < n; i++)
    while (j < n && b[j] < a[i])
        j++;
```

ಎಲ್ಲರೂ n² ಬರೆದೆವು. ಒಬ್ಬಳೇ n ಬರೆದಳು, ಅವಳಿಗೆ ಮಾತ್ರ ಪೂರ್ತಿ ಮಾರ್ಕ್ಸ್. ಇಲ್ಲಿ ಎರಡರಷ್ಟಾಗುವುದೂ ಇಲ್ಲ, ಅರ್ಧ ಆಗುವುದೂ ಇಲ್ಲ. ಒಂದು ಸುತ್ತಿನಲ್ಲಿ `while` ಎಷ್ಟು ಸಲ ಓಡುತ್ತದೆ ಅಂತ ಹೇಳಲಿಕ್ಕೇ ಆಗುವುದಿಲ್ಲ, ಅರೇಯಲ್ಲಿ ಏನಿದೆ ಗೊತ್ತಿಲ್ಲವಲ್ಲ.

ಕಡಲತೀರ · ರಾತ್ರಿ 10:40

ಇದು ನನಗೆ ಗೊತ್ತು. `j = 0` ಎಲ್ಲಿದೆ ನೋಡು. `for` ನ ಹೊರಗಿದೆ. j ಒಮ್ಮೆ ಮುಂದೆ ಹೋದರೆ ಹಿಂದೆ ಬರುವುದೇ ಇಲ್ಲ. ಹಾಗಾಗಿ ಇಡೀ ಪ್ರೋಗ್ರಾಂನಲ್ಲಿ `j++` ಜಾಸ್ತಿ ಅಂದರೆ n ಸಲ. ಯಾವ ಸುತ್ತಿನಲ್ಲಿ ಎಷ್ಟು ಅನ್ನುವುದು ನಮಗೆ ಬೇಡ. ಹೊರಗಿನ `for` ಹೇಗೂ n ಸಲ ಓಡುತ್ತದೆ. ಎರಡನ್ನೂ ಕೂಡಿಸು, ಗುಣಿಸಬೇಡ. 2n ಒಳಗೆ ಮುಗಿಯಿತು.

ಸದಾಶಿವಗಡ · ರಾತ್ರಿ 10:46

ಸರಿಯಾಗಿ ಹೇಳಿದಿರಿ. ಅದೇ `j = 0` ಅನ್ನು `for` ನ ಒಳಗೆ ತಂದರೆ ಅತಿ ಕೆಟ್ಟ ಸಂದರ್ಭದಲ್ಲಿ n² ಆಗುತ್ತದೆ. ಒಂದು ಸಾಲು ಎಲ್ಲಿ ಕೂತಿದೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಕೋಡ್ ಓದುವಾಗ j ಎಲ್ಲಿ ಶುರುವಾಗುತ್ತದೆ ಅನ್ನುವುದಕ್ಕೆ ಮೊದಲು ಪೆನ್ಸಿಲ್‌ನಲ್ಲಿ ಗುರುತು ಹಾಕಿ.

ಮಂಜುಗುಣಿ · ರಾತ್ರಿ 10:50

ನಾವು ಆ ಸಾಲು ನೋಡಿಯೇ ಇರಲಿಲ್ಲ. `for` ಒಳಗೆ `while` ಕಂಡ ತಕ್ಷಣ n² ಬರೆದು ಮುಂದೆ ಹೋದೆವು.

ಬನವಾಸಿ ಹುಡುಗ · ರಾತ್ರಿ 10:58

ಮೇಡಂ, ಉತ್ತರ ತಪ್ಪಾದರೂ ನಡುವಿನ ಲೆಕ್ಕಕ್ಕೆ ಮಾರ್ಕ್ಸ್ ಸಿಗುತ್ತದಾ? ನಾನು ಎರಡಕ್ಕೂ ಬರೀ ಉತ್ತರ ಬರೆದಿದ್ದೆ.

ಸದಾಶಿವಗಡ · ರಾತ್ರಿ 11:04

ಬೇರೆಯವರ ಬಗ್ಗೆ ಹೇಳಲಾರೆ. ನಾನಾದರೆ ಕೊಡುತ್ತೇನೆ. `1+2+4+...` ಅನ್ನುವ ಸಾಲು ಕಂಡರೆ ಹುಡುಗನಿಗೆ ಲೂಪ್ ಅರ್ಥವಾಗಿದೆ ಅಂತ ಗೊತ್ತಾಗುತ್ತದೆ. ಕೊನೆಯಲ್ಲಿ ಕೂಡಿಸುವಾಗ ತಪ್ಪಿದ್ದರೆ ಒಂದು ಮಾರ್ಕ್ ಹೋಗುತ್ತದೆ, ಅಷ್ಟೇ. ಬರೀ `n log n` ಅಂತ ಬರೆದರೆ ನನಗೆ ಏನೂ ಗೊತ್ತಾಗುವುದಿಲ್ಲ. n = 16 ಇಟ್ಟು ಐದು ಸಾಲಿನ ಪಟ್ಟಿ ಹಾಕುವುದಕ್ಕೆ ಎರಡು ನಿಮಿಷ ಸಾಕು. 8 ಇಟ್ಟರೆ ತೀರಾ ಸಣ್ಣದು, n ಮತ್ತು n log n ನಡುವಿನ ವ್ಯತ್ಯಾಸ ಅಷ್ಟು ಚೆನ್ನಾಗಿ ಕಾಣುವುದಿಲ್ಲ.

ಸಿದ್ದಾಪುರದ ತೋಟಿಗ · ರಾತ್ರಿ 11:12

ಮಗಳು ಒಂದು ಪ್ರಶ್ನೆ ಕಳಿಸಿದ್ದಾಳೆ. ನಾನು ಹಾಗೇ ಹಾಕುತ್ತಿದ್ದೇನೆ. "ಮೊದಲಿನ ಕೋಡ್‌ನಲ್ಲಿ `i = i * 2` ಬದಲು `i = i * i` ಇದ್ದರೆ? i ಎರಡರಿಂದ ಶುರು. ನಾನು ಅಡಿಕೆ ಲೆಕ್ಕ ಮಾಡಿದೆ, ಕೊನೆಯ ಸುತ್ತೇ ದೊಡ್ಡದು, ಹಾಗಾಗಿ Θ(n) ಅಂದುಕೊಂಡೆ. ಆದರೆ n = 255 ಹಾಕಿದರೆ 22 ಬರುತ್ತಿದೆ."

ದೇವಿಮನೆ ಘಟ್ಟ · ರಾತ್ರಿ 11:20

ಓಡಿಸಿದೆ. ಮಗಳು ಹೇಳಿದ್ದು ಸರಿ. 255ಕ್ಕೆ 22, 256ಕ್ಕೆ 278. ಒಂದೇ ಸಂಖ್ಯೆ ಏರಿಸಿದ್ದಕ್ಕೆ ಇಷ್ಟು ಜಿಗಿತ. ಆಮೇಲೆ 65535 ವರೆಗೂ 278 ಹಾಗೇ ಇರುತ್ತದೆ. ಎರಡರಷ್ಟು ಮಾಡಿ ನೋಡುವ ಉಪಾಯ ಇಲ್ಲಿ ನಡೆಯುತ್ತಿಲ್ಲ.

ಸದಾಶಿವಗಡ · ರಾತ್ರಿ 11:38

ನಿಮ್ಮ ಮಗಳಿಗೆ ನನ್ನ ಶಾಬಾಸ್ ಹೇಳಿ. ಇಲ್ಲಿ i ಅನ್ನುವುದು 2, 4, 16, 256, 65536 ಹೀಗೆ ಹಾರುತ್ತದೆ. ಕೊನೆಯ ಸುತ್ತೇ ದೊಡ್ಡದು ಅನ್ನುವುದು ನಿಜ. ಆದರೆ ಆ ಕೊನೆಯ ಸುತ್ತು n ಹತ್ತಿರ ಇರಲೇಬೇಕು ಅಂತ ಇಲ್ಲ. n = 256 ಆದರೆ ಕೊನೆಯದು 256. n = 255 ಆದರೆ ಕೊನೆಯದು 16, ಅಂದರೆ n ನ ವರ್ಗಮೂಲದ ಹತ್ತಿರ. `i = i * 2` ನಲ್ಲಿ i ಯಾವಾಗಲೂ n ನ ಅರ್ಧ ದಾಟಿಯೇ ನಿಲ್ಲುತ್ತಿತ್ತು, ಹಾಗಾಗಿ ಈ ತೊಂದರೆ ಇರಲಿಲ್ಲ.

ಅಂದರೆ ಒಟ್ಟು ಎಣಿಕೆ 2n ದಾಟುವುದಿಲ್ಲ, √n ಗಿಂತ ಕೆಳಗೂ ಇಳಿಯುವುದಿಲ್ಲ. ನಡುವೆ ಏರಿಳಿಯುತ್ತಾ ಇರುತ್ತದೆ.

ಕಡಲತೀರ · ರಾತ್ರಿ 11:45

ಹಾಗಾದರೆ ಮೇಡಂ, ಇಲ್ಲಿ Θ(n) ಬರೆದರೆ ತಪ್ಪು. O(n) ಬರೆದರೆ ಮಾತ್ರ ಸರಿ. ಬಿಗ್ ಓ ಬರೀ ಮೇಲಿನ ಮಿತಿ ಅಂತ ನಾನು ಸಂಜೆಯಿಂದ ಹೇಳುತ್ತಿರುವುದು ಇದಕ್ಕೇ.

ಸದಾಶಿವಗಡ · ರಾತ್ರಿ 11:52

ಹೌದು. ಇಲ್ಲಿ ನಿಮ್ಮ ಮಾತು ಪೂರ್ತಿ ಸರಿ. ಇಲ್ಲಿ Θ(n) ನಿಲ್ಲುವುದಿಲ್ಲ, Θ(√n) ಕೂಡ ನಿಲ್ಲುವುದಿಲ್ಲ. ಪರೀಕ್ಷೆಯಲ್ಲಿ ಬಂದರೆ O(n) ಬರೆದು, 255 ಮತ್ತು 256ರ ಲೆಕ್ಕ ಎರಡನ್ನೂ ಪಕ್ಕದಲ್ಲಿ ತೋರಿಸಬೇಕು. ಆದರೆ ಬನವಾಸಿಯವರ n log n ಗೆ ಪೂರ್ತಿ ಮಾರ್ಕ್ಸ್ ಕೊಡಬೇಕು ಅನ್ನುವುದನ್ನು ನಾನು ಈಗಲೂ ಒಪ್ಪುವುದಿಲ್ಲ. ಅಲ್ಲಿ n ಅನ್ನುವ ಬಿಗಿ ಉತ್ತರ ಇತ್ತು, ಸಿಗುತ್ತಿತ್ತು.

ಕಡಲತೀರ · ರಾತ್ರಿ 11:55

ಪ್ರಶ್ನೆಯಲ್ಲಿ ಬಿಗಿ ಅಂತ ಬರೆದಿದ್ದರೆ ನಾನೂ ಒಪ್ಪುತ್ತಿದ್ದೆ.

ಬನವಾಸಿ ಹುಡುಗ · ಮರುದಿನ ಬೆಳಿಗ್ಗೆ 7:10

ರಾತ್ರಿ ಎರಡೂ ಕೋಡ್‌ಗೆ n = 16 ಪಟ್ಟಿ ಬರೆದು ಪೇಪರ್ ಹಿಂದೆ ಅಂಟಿಸಿದ್ದೇನೆ. 31 ಮತ್ತು 61 ಎರಡೂ ಬಂತು. ಮೊದಲ ಪಿರಿಯಡ್ ಮುಗಿದ ಮೇಲೆ ಸರ್ ಹತ್ತಿರ ಹೋಗುತ್ತೇನೆ. ಎರಡನೇ ಭಾಗದ n² ಬಗ್ಗೆ ಏನೂ ಕೇಳುವುದಿಲ್ಲ. ಮೊದಲನೆಯದಕ್ಕೆ ಮಾತ್ರ, ಬಿಗ್ ಓ ಅಂತ ಕೇಳಿದ್ದೀರಿ, n log n ಮೇಲಿನ ಮಿತಿಯಾಗಿ ಸರಿ ತಾನೇ ಅಂತ ಕೇಳುತ್ತೇನೆ. ಮಂಜುಗುಣಿ, ನೀನೂ ಬಾ, ನಿನ್ನ `j = 0` ಕೋಡ್ ತೆಗೆದುಕೊಂಡು ಬಾ.